ಆಡಿಟರ್‌ಗೆ ಹೋಗುವ ಇ-ಮೇಲ್

ಒಂದು ಪತ್ತಿನ ಸಹಕಾರ ಸಂಘಕ್ಕೆ 2024-25ರ ಲೆಕ್ಕಪರಿಶೋಧನೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಆಡಿಟರ್ ಹನ್ನೆರಡು ದಾಖಲೆ ಕೇಳಿದ್ದಾರೆ. ಕಾರ್ಯದರ್ಶಿ ಎಲ್ಲವನ್ನೂ ಸ್ಕ್ಯಾನ್ ಮಾಡಿ, ‘ದಾಖಲೆಗಳನ್ನು ಲಗತ್ತಿಸಿದೆ’ ಎಂದು ಒಂದೇ ಸಾಲು ಬರೆದು ಕಳುಹಿಸಿದರೆ, ಯಾವ ಕಡತ ಯಾವ ಪ್ರಶ್ನೆಗೆ ಉತ್ತರ ಎಂದು ಹುಡುಕುವ ಕೆಲಸ ಆಡಿಟರ್ ಪಾಲಿಗೆ ಬೀಳುತ್ತದೆ. ಸಿಗದಿದ್ದದ್ದನ್ನು ಅವರು ಮತ್ತೆ ಕೇಳುತ್ತಾರೆ.

ಆದ್ದರಿಂದ ಇ-ಮೇಲ್‌ನ ಮೈಯಲ್ಲೇ ಲಗತ್ತುಗಳ ಪಟ್ಟಿ ಇರಬೇಕು. ಕ್ರಮಸಂಖ್ಯೆ ನಮ್ಮದಲ್ಲ, ಆಡಿಟರ್ ಕೊಟ್ಟದ್ದೇ. ಅವರ ಐದನೇ ಕೋರಿಕೆ ಬ್ಯಾಂಕ್ ತಾಳೆಪಟ್ಟಿಯಾಗಿದ್ದರೆ ಕಡತದ ಹೆಸರು `05_BRS_31-03-2025.pdf`. ಅದರ ಎದುರು ಪುಟಗಳೆಷ್ಟು, ಯಾವ ಅವಧಿಯದು, ಒಟ್ಟು ಮೊತ್ತ ಎಷ್ಟು ಎಂದು ಬರೆಯಬೇಕು.

ಈ ಮೊತ್ತದ ಅಂಕಣವನ್ನು ಅನೇಕರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಪಟ್ಟಿಯ ಜೀವ ಇರುವುದೇ ಅಲ್ಲಿ. ನಮ್ಮ ಸಂಘದ ಸಾಲ ಬಾಕಿ ಪಟ್ಟಿಯ ಮೊತ್ತ 61,28,000 ರೂಪಾಯಿ. ಟ್ರಯಲ್ ಬ್ಯಾಲೆನ್ಸ್‌ನಲ್ಲಿರುವುದು 61,40,000. ಹನ್ನೆರಡು ಸಾವಿರ ಎಲ್ಲಿ ಹೋಯಿತು? ಪಟ್ಟಿಯನ್ನು ಮುದ್ರಿಸಿದ್ದು ಏಪ್ರಿಲ್ 3ರಂದು. ‘ಮಾರ್ಚ್ 31ಕ್ಕೆ ಇದ್ದಂತೆ’ ಎಂದು ದಿನಾಂಕ ಕೊಡದೆ ತೆಗೆದದ್ದರಿಂದ, ಏಪ್ರಿಲ್‌ನ ಆ ಮೂರು ದಿನ ಸದಸ್ಯರು ಕಟ್ಟಿದ ಕಂತುಗಳೂ ಕಳೆದುಹೋಗಿದ್ದವು. ಮೊತ್ತ ಬರೆಯಲು ಕೂತಾಗಲೇ ಇದು ಕಣ್ಣಿಗೆ ಬಿತ್ತು. ಸರಿಯಾದ ದಿನಾಂಕಕ್ಕೆ ಮತ್ತೆ ಮುದ್ರಿಸಿದರಾಯಿತು.

ಬ್ಯಾಂಕ್ ಲೆಕ್ಕದಲ್ಲೂ ವ್ಯತ್ಯಾಸವಿದೆ, ಆದರೆ ಅದು ತಪ್ಪಲ್ಲ. ನಮ್ಮ ಪುಸ್ತಕದಲ್ಲಿ ಶಿಲ್ಕು 4,82,350. ಬ್ಯಾಂಕಿನ ಪ್ರಕಾರ 5,17,350. ಮಾರ್ಚ್ 28ರಂದು ಕೊಟ್ಟ 35,000ದ ಚೆಕ್ಕು ಏಪ್ರಿಲ್ 4ರಂದು ನಗದಾಗಿದೆ. ತಾಳೆಪಟ್ಟಿಯೊಂದನ್ನೇ ಕಳುಹಿಸಿದರೆ ಅದು ಬರೀ ನಮ್ಮ ಮಾತಾಗುತ್ತದೆ; ಏಪ್ರಿಲ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟವೂ ಜೊತೆಗಿದ್ದರೆ ಪುರಾವೆಯಾಗುತ್ತದೆ.

ಇನ್ನು ಕೊಡಲಾಗದ ದಾಖಲೆಗಳು. ‘ಶೀಘ್ರದಲ್ಲೇ ಕಳುಹಿಸುತ್ತೇವೆ’ ಎಂಬ ಮಾತಿನಿಂದ ಆಡಿಟರ್‌ಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

“ಕೋರಿಕೆ 9, ಠೇವಣಿ ಶಿಲ್ಕಿನ ದೃಢೀಕರಣ: ಜೂನ್ 2ರಂದು ಬ್ಯಾಂಕಿಗೆ ಪತ್ರ ಕೊಟ್ಟಿದ್ದೇವೆ, ಸ್ವೀಕೃತಿ ಲಗತ್ತಿಸಿದೆ. ಉತ್ತರವನ್ನು ನೇರವಾಗಿ ನಿಮಗೇ ಕಳುಹಿಸಲು ಕೋರಿದ್ದೇವೆ.
ಕೋರಿಕೆ 11, ಮುದ್ರಣ ವೆಚ್ಚ 12,400ರ ಬಿಲ್ಲು: ಮೂಲ ಪ್ರತಿ ಸಿಕ್ಕಿಲ್ಲ. ಪ್ರೆಸ್ಸಿನವರಿಂದ ನಕಲು ಕೇಳಿದ್ದೇವೆ. ಗುಮಾಸ್ತರು ಜೂನ್ 12ರೊಳಗೆ ತರುತ್ತಾರೆ.”

ಒಂಬತ್ತನೆಯದರಲ್ಲಿ ‘ನೇರವಾಗಿ’ ಎಂದದ್ದಕ್ಕೆ ಕಾರಣವಿದೆ. ಹೊರಗಿನವರ ದೃಢೀಕರಣವನ್ನು ಕುರಿತ ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 505ರ ಪ್ರಕಾರ ಅಂಥ ಉತ್ತರ ಆಡಿಟರ್ ಕೈಗೇ ತಲುಪಬೇಕು. ಸಂಘದ ಕೈ ದಾಟಿ ಬಂದ ಪತ್ರಕ್ಕೆ ಅಷ್ಟು ಬೆಲೆಯಿಲ್ಲ. ಹನ್ನೊಂದನೆಯದರಲ್ಲಿ ‘ಸಿಕ್ಕಿಲ್ಲ’ ಎಂದು ಒಪ್ಪಿಕೊಳ್ಳಲು ಕಾರ್ಯದರ್ಶಿಗೆ ಮುಜುಗರವಾಗಬಹುದು. ಆದರೂ ಆ ಮಾತು ಮೊದಲು ಸಂಘದ ಕಡೆಯಿಂದಲೇ ಬರಬೇಕು. ನಕಲು ಬಂದ ದಿನ ಅದೇ ಇ-ಮೇಲ್‌ಗೆ ಉತ್ತರವಾಗಿ, ಅದೇ 11ರ ಸಂಖ್ಯೆ ಹೊತ್ತು ಅದು ಹೋಗುತ್ತದೆ. ಬಾಕಿ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ.