ಸರ್ಟಿಫಿಕೇಷನ್ ಮೊದಲೋ, ಹೊಸ ಕೆಲಸ ಮೊದಲೋ?

ಇವತ್ತು ಬೆಂಗಳೂರಿನ ಕೇಳುಗರೊಬ್ಬರ ಪ್ರಶ್ನೆ ತಗೊಳ್ತೀನಿ. ಅವರು ಎಡಬ್ಲ್ಯೂಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ ಓದ್ತಿದ್ದಾರೆ. ಜೊತೆಗೆ ಬೇರೆ ಕೆಲಸವನ್ನೂ ಹುಡುಕ್ತಿದ್ದಾರೆ. ಈಗಿನ ಕಂಪನಿ ಖರ್ಚು ಕೊಡುತ್ತೆ, ಮುಂದಿನದು ಕೊಡುತ್ತೋ ಇಲ್ವೋ ಗೊತ್ತಿಲ್ಲ. ಪರೀಕ್ಷೆ ಈಗಲೇ ಬರೀಬೇಕಾ, ಆಮೇಲಾ?

ಮೊದಲು ಈಗಿನ ಕಂಪನಿಯ ನಿಯಮ ಓದಿ. ಪರೀಕ್ಷೆಯಾದ ಮೇಲೆ ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ಹಣ ವಾಪಸ್ ಕೊಡಬೇಕು ಅನ್ನೋ ಷರತ್ತು ಬಹಳ ಕಡೆ ಇರುತ್ತೆ. ಅದನ್ನು ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಹಿಡಿದುಕೊಳ್ಳುತ್ತಾರೆ. ಆ ಷರತ್ತು ಬರೀ ಪರೀಕ್ಷಾ ಶುಲ್ಕಕ್ಕೋ, ತರಬೇತಿಗೂ ಸೇರಿಯೋ ಅನ್ನೋದೇ ಇಲ್ಲಿ ಮುಖ್ಯ.

ಲೆಕ್ಕ ಹಾಕೋಣ. ಪರೀಕ್ಷೆ ಶುಲ್ಕ 150 ಡಾಲರ್. ತೆರಿಗೆ ಸೇರಿ 15 ಸಾವಿರ ರೂಪಾಯಿ ಅಂದುಕೊಳ್ಳಿ. ಷರತ್ತು ಶುಲ್ಕಕ್ಕೆ ಮಾತ್ರ ಇದ್ದರೆ, ಬಿಟ್ಟಾಗ ಹೆಚ್ಚೆಂದರೆ ಅಷ್ಟೇ ಹೋಗುತ್ತೆ. ಅದು ಹೇಗೂ ನೀವು ಕೈಯಿಂದ ಹಾಕ್ತಿದ್ದ ದುಡ್ಡೇ. ನಷ್ಟವಿಲ್ಲ, ಈಗಲೇ ಬರೆಯಿರಿ.

ಆದರೆ ಕಂಪನಿ 45 ಸಾವಿರದ ತರಬೇತಿಯನ್ನೂ ಸೇರಿಸಿ, 12 ತಿಂಗಳ ಷರತ್ತು ಹಾಕಿದೆ ಅನ್ನಿ. ಉಳಿದ ತಿಂಗಳಿಗೆ ತಕ್ಕಂತೆ ವಸೂಲಿ ಮಾಡ್ತಾರೆ ಅಂದರೆ, ನಾಲ್ಕು ತಿಂಗಳಿಗೆ ಬಿಟ್ಟವರು 60 ಸಾವಿರದಲ್ಲಿ 40 ಸಾವಿರ ಕಟ್ಟಬೇಕು. ಆ ತರಬೇತಿ ಬೇಡ ಅಂದು, ಮನೇಲೇ ಓದಿ, 15 ಸಾವಿರ ಸ್ವಂತವಾಗಿ ಕಟ್ಟೋದು ಅಗ್ಗ.

ಎರಡನೇ ಮಾತು, ದಿನಾಂಕ. ಸಾಮಾನ್ಯವಾಗಿ ಪಾಸಾದ ಮೇಲೆ ಬಿಲ್ ಹಾಕಬೇಕು. ನೋಟಿಸ್‌ನಲ್ಲಿರುವವರ ಬಿಲ್ ತಿರಸ್ಕರಿಸುವ ಕಂಪನಿಗಳಿವೆ. ಹಾಗಾಗಿ ರಾಜೀನಾಮೆ ಕೊಡೋ ಮೊದಲೇ ಹಣ ಖಾತೆಗೆ ಬಂದಿರಬೇಕು. ಫೇಲ್ ಆದರೆ ಮತ್ತೆ ಬರೆಯಲು 14 ದಿನ ಕಾಯಬೇಕು, ಶುಲ್ಕವನ್ನೂ ಹೊಸದಾಗಿ ಕಟ್ಟಬೇಕು. ಆ ಎರಡು ವಾರ ಕೈಯಲ್ಲಿಟ್ಟುಕೊಂಡೇ ದಿನ ಗೊತ್ತುಮಾಡಿ.

ಮೊದಲೇ ಬರೆದರೆ ಇನ್ನೊಂದು ಲಾಭ. ನಾನು ನೇಮಕಾತಿ ಸಂದರ್ಶನಗಳಲ್ಲಿ ಕೂತಾಗ ನೋಡಿರೋದು: ಕೈಯಲ್ಲಿರುವ ಸರ್ಟಿಫಿಕೇಟ್ ಸಂಬಳದ ಮಾತುಕತೆಯಲ್ಲಿ ಲೆಕ್ಕಕ್ಕೆ ಬರುತ್ತೆ. ಸೇರಿದ ಮೇಲೆ ತಗೊಂಡಿದ್ದು ಮುಂದಿನ ಅಪ್ರೈಸಲ್‌ವರೆಗೆ ಕಾಯುತ್ತೆ. ಸರ್ಟಿಫಿಕೇಟ್‌ಗೆ ಮೂರು ವರ್ಷ ಆಯಸ್ಸು, ಅದರಲ್ಲಿ ಮೂರು ತಿಂಗಳು ಮುಂಚೆ ಶುರುವಾದರೆ ದೊಡ್ಡ ನಷ್ಟವೇನಲ್ಲ.

ಹಾಗಾದರೆ ಆಮೇಲೆ ಬರೆಯೋದು ಯಾವಾಗ? ಹೊಸ ಕಂಪನಿ ಅಜೂರ್ ಬಳಸೋದಾದರೆ, ಅಥವಾ ಖರ್ಚು ಕೊಡ್ತೀವಿ, ಇಂತಿಷ್ಟು ದಿನದಲ್ಲಿ ಅಂತ ಅವರ ಎಚ್‌ಆರ್ ಇಮೇಲ್‌ನಲ್ಲಿ ಬರೆದುಕೊಟ್ಟರೆ. ಬಾಯಿಮಾತು ಸಾಲದು. ಪ್ರೊಬೇಷನ್ ಮುಗಿದ ಮೇಲೆ ಮಾತ್ರ ಕೊಡ್ತಾರಾ ಅಂತಲೂ ಆಫರ್‌ಗೆ ಸಹಿ ಹಾಕೋ ಮೊದಲೇ ಕೇಳಿ.

ಕೊನೆಯದು. ಖರ್ಚು ಯಾರೇ ಕೊಡಲಿ, ಪರೀಕ್ಷೆಯ ಖಾತೆಯನ್ನು ಸ್ವಂತ ಇಮೇಲ್‌ನಲ್ಲೇ ತೆರೆಯಿರಿ. ಆಫೀಸ್ ಇಮೇಲ್ ಕೊಟ್ಟಿದ್ದರೆ, ಕೆಲಸ ಬಿಟ್ಟ ದಿನ ಅದು ಬಂದ್ ಆಗುತ್ತೆ. ಆಮೇಲೆ ನಿಮ್ಮದೇ ಸರ್ಟಿಫಿಕೇಟ್ ತೆಗೆಯೋಕೆ ಪರದಾಡಬೇಕಾಗುತ್ತೆ.