ಜೂಜಿನ ಗಂಟೆಯ ಲೆಕ್ಕ

ಹುಬ್ಬಳ್ಳಿಗೆ ಸಮೀಪದ ಸುಳ್ಳ ಗ್ರಾಮದ ಗೃಹಸ್ಥನೊಬ್ಬನು ಹತ್ತಿ ಮಾರಿದ ಹಣದಲ್ಲಿ ಕೊಂಚ ಭಾಗವನ್ನು ಕಿಸೆಯಲ್ಲಿಟ್ಟುಕೊಂಡು ಪಣಜಿಗೆ ಹೊರಟಿರುವನೆಂದು ಕಲ್ಪಿಸಿಕೊಳ್ಳೋಣ. ಅಲ್ಲಿ ಮಾಂಡವಿ ನದಿಯ ಹಡಗುಗಳಲ್ಲಿ ಕ್ಯಾಸಿನೋಗಳೆಂಬ ಜೂಜುಮನೆಗಳು ನಡೆಯುತ್ತವೆ. “ನೂರು ರೂಪಾಯಿಯ ಮೇಜಿನ ಬಳಿ ಸುಳಿಯಲಾರೆ, ಹತ್ತು ರೂಪಾಯಿಯ ಯಂತ್ರದಲ್ಲಿ ಆಡಿದರೆ ನಷ್ಟವು ಅಲ್ಪವಾದೀತು” ಎಂಬುದು ಆತನ ಎಣಿಕೆ. ಇದು ಸರಿಯೇ ಎಂಬುದನ್ನು ನಾವೀಗ ವಿಚಾರಿಸೋಣ.

ಪ್ರತಿಯೊಂದು ಆಟದಲ್ಲಿಯೂ ಜೂಜುಮನೆಗೆ ಒಂದು ಪಾಲುಂಟು. ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳಿರುವಾಗ, ಗೆದ್ದವನಿಗೆ 36 ಮನೆಗಳೇ ಇದ್ದಂತೆ ಹಣ ಕೊಡುವರು. ಆದುದರಿಂದ ಪಣದಲ್ಲಿ 37ರಲ್ಲೊಂದು ಭಾಗ, ಎಂದರೆ ಶೇಕಡಾ 2.7, ಸರಾಸರಿಯಾಗಿ ಮನೆಗೆ ಉಳಿಯುವುದು. ನಮ್ಮ ಹಳ್ಳಿಗಳಿಗೆ ಪರಿಚಿತವಾದ ಅಂದರ್-ಬಾಹರ್ ಆಟದಲ್ಲಿ ಮೊದಲು ಎಲೆ ಬೀಳುವ ಪಕ್ಕವು ನೂರಕ್ಕೆ 51.5 ಸಲ ಗೆಲ್ಲುವುದು. ಆ ಪಕ್ಕಕ್ಕೆ ನೂರರ ಪಣದ ಮೇಲೆ 90 ರೂಪಾಯಿ ಮಾತ್ರ ಲಾಭ ಕೊಡುವ ಪದ್ಧತಿಯಲ್ಲಿ ಮನೆಯ ಪಾಲು ಸುಮಾರು ಶೇಕಡಾ 2.15.

ಇಷ್ಟರಿಂದ ಅಂದರ್-ಬಾಹರ್ ಸೋವಿಯೆಂದು ತೋರುವುದು. ಆದರೆ ಕಿಸೆಯಿಂದ ಹೋಗುವ ಹಣವು ಪಾಲೊಂದರಿಂದಲೇ ನಿರ್ಧಾರವಾಗುವುದಿಲ್ಲ. ಪಣವನ್ನು ಗಂಟೆಯೊಂದರಲ್ಲಿ ನಡೆಯುವ ಆಟಗಳ ಸಂಖ್ಯೆಯಿಂದ ಗುಣಿಸಿ, ಬಂದುದನ್ನು ಮನೆಯ ಪಾಲಿನಿಂದ ಗುಣಿಸಬೇಕು. ಜನ ತುಂಬಿದ ರೂಲೆಟ್ ಮೇಜಿನಲ್ಲಿ ಚಕ್ರವು ಗಂಟೆಗೆ 40 ಸಲ ತಿರುಗಿದರೆ, ನೂರು ರೂಪಾಯಿಯ ಪಣಕ್ಕೆ ನಷ್ಟ 108 ರೂಪಾಯಿ. ಅಂದರ್-ಬಾಹರಿನಲ್ಲಿ ಜೋಡಿ ಸಿಕ್ಕಲು ಸರಾಸರಿ 13 ಎಲೆಗಳು ಸಾಕು. ನಿಮಿಷಕ್ಕೊಂದು ಆಟ ಮುಗಿದರೆ ನಷ್ಟ 129 ರೂಪಾಯಿ. ಕ್ರಮವೇ ತಲೆಕೆಳಗಾಯಿತು!

ಬ್ಯಾಕರಾದಲ್ಲಿ ಬ್ಯಾಂಕರ್ ಪಕ್ಕವನ್ನು ಹಿಡಿದರೆ ಪಾಲು ಶೇಕಡಾ 1.06, ಗಂಟೆಗೆ 70 ಆಟಗಳಿಗೆ ನಷ್ಟ 74 ರೂಪಾಯಿ. ಬ್ಲ್ಯಾಕ್‌ಜ್ಯಾಕಿನಲ್ಲಿ ನಿಯಮವರಿತು ಆಡುವವನಿಗೆ ಪಾಲು ಸುಮಾರು ಶೇಕಡಾ 0.5, ಅಷ್ಟೇ ಆಟಗಳಿಗೆ ನಷ್ಟ 35 ರೂಪಾಯಿ. ಊಹೆಯಿಂದ ಆಡುವವನಿಗೆ ಪಾಲು ಶೇಕಡಾ 2ಕ್ಕೆ ಏರಿದರೆ, ಅದೇ ಮೇಜು 140 ರೂಪಾಯಿಯನ್ನು ಕೊಳ್ಳುವುದು.

ಇನ್ನು ನಮ್ಮ ಗೃಹಸ್ಥನ ಯಂತ್ರ. ಅದರ ಪಾಲು ಹೊರಗೆ ಕಾಣಿಸದು. ಶೇಕಡಾ 8 ಎಂದಿಟ್ಟುಕೊಳ್ಳೋಣ. ಗುಂಡಿಯೊತ್ತುವ ವೇಗ ಗಂಟೆಗೆ 600 ಆದರೆ, ಹತ್ತು ರೂಪಾಯಿಯ ಪಣಕ್ಕೆ ನಷ್ಟ 480 ರೂಪಾಯಿ. ಎಲ್ಲಕ್ಕಿಂತ ಚಿಕ್ಕ ಪಣವು ಎಲ್ಲಕ್ಕಿಂತ ದುಬಾರಿಯಾಯಿತು.

ಈ ಕ್ರಮವೂ ಶಾಶ್ವತವಲ್ಲ. ಮೇಜಿನಲ್ಲಿ ಒಬ್ಬನೇ ಕುಳಿತರೆ ರೂಲೆಟ್ ಗಂಟೆಗೆ 100 ಸಲ ತಿರುಗೀತು. ಆಗ ನಷ್ಟ 270 ರೂಪಾಯಿ. ಮತ್ತೊಂದು ಮಾತು: ಇವು ಸರಾಸರಿಗಳು. ಕೆಂಪು-ಕಪ್ಪಿನ ಮೇಲೆ 40 ಸಲ ನೂರು ರೂಪಾಯಿ ಹೂಡಿದವನ ಫಲವು ಸರಾಸರಿಯಿಂದ ಆರುನೂರು ರೂಪಾಯಿ ಅತ್ತಿತ್ತ ಸರಿಯುವುದು ಸಾಮಾನ್ಯ. ಆದಕಾರಣ ಒಂದು ಸಾಯಂಕಾಲ ಗೆದ್ದು ಬಂದವನು ಲೆಕ್ಕವೇ ಸುಳ್ಳೆನ್ನುವನು. ಗಂಟೆಗಳು ಕೂಡುತ್ತ ಹೋದಂತೆ ಸರಾಸರಿಯೇ ಮೇಲುಗೈಯಾಗುವುದು. ನಮ್ಮ ಗೃಹಸ್ಥನು ಯಂತ್ರದ ಮುಂದೆ ನಾಲ್ಕು ಗಂಟೆ ಕುಳಿತರೆ, ಹತ್ತರ ಪಣದ ಸರಾಸರಿ ಬೆಲೆ 1,920 ರೂಪಾಯಿ.