ಪರರ ಕೂದಲು, ನಮ್ಮ ಹಣೆ

ಹಣೆ ಮುಚ್ಚುವಂತೆ ಕೂದಲು ಬಿಟ್ಟಿರುವ ಯುವಕನೊಬ್ಬ ತನ್ನ ಫೋಟೊದ ಜೊತೆಗೆ, ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿದ ನಟನೊಬ್ಬನ ಫೋಟೊವನ್ನೂ ಮೊಬೈಲ್ ಆ್ಯಪ್‌ಗೆ ಕೊಡುತ್ತಾನೆ ಎಂದುಕೊಳ್ಳಿ. ಕ್ಷಣದಲ್ಲಿ ಹೊಸ ಚಿತ್ರ ಬರುತ್ತದೆ: ಅಗಲವಾದ ಹಣೆ, ಅದರ ಹಿಂದೆ ತುಂಬುಗೂದಲು. ಕಣ್ಣು, ಮೂಗು, ಬಾಯಿ ಅವನವೇ. ಹಣೆ ಮಾತ್ರ ಅವನದಲ್ಲ. ಅವನು ಕೊಟ್ಟ ಫೋಟೊದಲ್ಲಿ ಹಣೆ ಕಂಡೇ ಇರಲಿಲ್ಲ. ಆ್ಯಪ್ ಅದನ್ನು ಊಹಿಸಿ ಬರೆದಿದೆ. ಕೂದಲ ಕೆಳಗೆ ಎರಡೂ ಪಕ್ಕ ಬೋಳಾಗುತ್ತ ಬಂದಿದ್ದರೂ ಚಿತ್ರದಲ್ಲಿ ಅದರ ಸುಳಿವೇ ಇರುವುದಿಲ್ಲ.

ಇದು ನಡೆಯುವ ರೀತಿ ಹೀಗೆ. ಮೊದಲು ಎರಡೂ ಮುಖಗಳ ಕಣ್ಣು, ಮೂಗು, ಗಲ್ಲಗಳನ್ನು ಗುರುತಿಸಿ ಒಂದೇ ಅಳತೆಗೆ, ಒಂದೇ ಓರೆಗೆ ತರಲಾಗುತ್ತದೆ. ಆಮೇಲೆ ಪ್ರತಿ ಚುಕ್ಕೆಯೂ ಕೂದಲೋ, ಚರ್ಮವೋ, ಕಿವಿಯೋ, ಹಿನ್ನೆಲೆಯೋ ಎಂದು ವಿಂಗಡಣೆ. ಹೊಸ ಕೂದಲು ಎಲ್ಲಿ ಕೂರಬೇಕೆಂಬ ನಕ್ಷೆ ಇದರಿಂದ ಸಿದ್ಧವಾಗುತ್ತದೆ. ಹಳೆಯ ಕೂದಲು ಹೋಗಿ ಹೊಸದು ಬಾರದ ಜಾಗಗಳು ಖಾಲಿ ಉಳಿಯುತ್ತವೆ. ಅವನ್ನು ತುಂಬುವುದು ಸಾವಿರಾರು ಮುಖಗಳನ್ನು ನೋಡಿ ಕಲಿತ ಮಾದರಿ. 2021ರಲ್ಲಿ ಪ್ರಕಟವಾದ, ಈ ಕ್ಷೇತ್ರದಲ್ಲಿ ಹೆಸರಾದ 'ಬಾರ್ಬರ್‌ಶಾಪ್' ಎಂಬ ವಿಧಾನ ಹೆಚ್ಚುಕಡಿಮೆ ಇದೇ ದಾರಿಯದು.

ಮೊದಲು ಎಡವುವುದು ಹಣೆಯ ಅಂಚಿನಲ್ಲಿ. ನಿಜವಾದ ತಲೆಯಲ್ಲಿ ಚರ್ಮ ಮುಗಿದು ಕೂದಲು ಶುರುವಾಗುವ ಗೆರೆ ಎಂಬುದೇ ಇಲ್ಲ. ಮೊದಲು ಬರುವುದು ತೆಳುವಾದ, ಗಿಡ್ಡವಾದ, ಬಿಡಿಬಿಡಿ ಎಳೆಗಳು. ಅವುಗಳ ನಡುವೆ ಚರ್ಮ ಕಾಣುತ್ತಿರುತ್ತದೆ. ಒಳಗೆ ಹೋದಂತೆ ದಟ್ಟಣೆ ಹೆಚ್ಚುತ್ತದೆ. ಕೂದಲು ಕಸಿ ಮಾಡುವ ವೈದ್ಯರು ಮುಂದಿನ ಸಾಲಿಗೆ ಒಂದೊಂದೇ ಎಳೆಯಿರುವ ಬೇರುಗಳನ್ನು ಆರಿಸಿ ನೆಡುವುದು ಇದಕ್ಕಾಗಿಯೇ. ಚುಕ್ಕೆಯನ್ನು ಕೂದಲು ಅಥವಾ ಚರ್ಮ ಎಂದು ಎರಡೇ ಪಾಲು ಮಾಡುವ ನಕ್ಷೆಗೆ ಈ ನಡುವಿನ ಸ್ಥಿತಿ ಸಿಗುವುದಿಲ್ಲ. ಅಂಚು ಕತ್ತರಿಸಿದಂತಾಗಿ, ಕೂದಲು ಟೋಪಿ ಇಟ್ಟಂತೆ ಕಾಣುತ್ತದೆ. ಆ್ಯಪ್ ಅದನ್ನು ಮಸುಕು ಮಾಡಿ ಮುಚ್ಚಿದರೆ ಹಣೆಯ ಮೇಲ್ಭಾಗ ಹೊಗೆ ಹಿಡಿದಂತಾಗುತ್ತದೆ.

ಇದಕ್ಕಿಂತ ಮೋಸದ ಸಂಗತಿಯೆಂದರೆ ಹಣೆಯ ಎತ್ತರವೇ ಬದಲಾಗುವುದು. ಇದನ್ನು ಸ್ಕೇಲ್ ಹಿಡಿದೇ ಪರೀಕ್ಷಿಸಬಹುದು. ಕೂದಲನ್ನು ಹಿಂದಕ್ಕೆ ಕಟ್ಟಿ ನೇರವಾಗಿ ತೆಗೆದ ಫೋಟೊದಲ್ಲಿ ಹುಬ್ಬಿನಿಂದ ಕೂದಲವರೆಗೆ 36 ಮಿ.ಮೀ., ಮೂಗಿನ ಬುಡದಿಂದ ಗಲ್ಲದ ತುದಿಗೆ 30 ಮಿ.ಮೀ. ಬಂತೆನ್ನಿ. ಆ್ಯಪ್ ಕೊಟ್ಟ ಚಿತ್ರದಲ್ಲಿ ಎರಡೂ 30 ಇದ್ದರೆ ನಟನ ಕೂದಲಂಚನ್ನು ನಿಮ್ಮ ಹಣೆಗೆ ಇಳಿಸಲಾಗಿದೆ. ನಿಜವಾದ ಮುಖದಲ್ಲಿ ಮೂಗಿನಿಂದ ಗಲ್ಲಕ್ಕೆ ಆರೂವರೆ ಸೆಂಟಿಮೀಟರ್ ಇದ್ದರೆ, ಹಣೆ 1.3 ಸೆಂಟಿಮೀಟರ್ ಕಿರಿದಾಯಿತು. ಚಿತ್ರದಲ್ಲಿ ಮುಖ ಚೆನ್ನಾಗಿ ಕಂಡದ್ದು ಕಟಿಂಗ್‌ನಿಂದಲೋ, ಕಿರಿದಾದ ಹಣೆಯಿಂದಲೋ ಹೇಳಲಾಗದು. ಯಾವ ಕತ್ತರಿಯೂ ಹಣೆಯನ್ನು ಹೀಗೆ ಕೆಳಗಿಳಿಸಲಾರದು.

ಗುಂಗುರು ಕೂದಲಿನದು ಬೇರೆ ಕಥೆ. ಬಾರ್ಬರ್‌ಶಾಪ್ ವಿಧಾನದಲ್ಲಿ 1024 ಚುಕ್ಕೆ ಅಗಲದ ಚಿತ್ರದ ರಚನೆಯನ್ನು 32ಕ್ಕೆ 32ರ ಚೌಕಜಾಲದಲ್ಲಿ ಹಿಡಿದಿಡುತ್ತಾರೆ. ಅಂದರೆ ಒಂದೊಂದು ಚೌಕದ ಪಾಲಿಗೆ 32 ಚುಕ್ಕೆಗಳ ಅಗಲ. ಅದಕ್ಕಿಂತ ಸಣ್ಣ ಸುರುಳಿಯ ತಿರುವುಗಳನ್ನು ಜಾಲ ಸರಿಯಾಗಿ ಹಿಡಿಯದು. ಮಾದರಿ ಅವನ್ನು ತನ್ನ ಕಲಿಕೆಯಿಂದ ಮತ್ತೆ ಬರೆಯುತ್ತದೆ. ಸಣ್ಣ ಉಂಗುರದಂಥ ಗುಂಗುರು ಹೀಗೆ ಸಡಿಲವಾದ ಅಲೆಯಾಗಿಬಿಡುತ್ತದೆ. ಒಂದು ಸುರುಳಿಯನ್ನು ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಹಿಂಬಾಲಿಸಿ ನೋಡಿ. ನಡುವೆ ಕಡಿದುಹೋಗಿದ್ದರೆ, ಪಕ್ಕದ ಎಳೆಯೊಳಗೆ ಕರಗಿದ್ದರೆ, ಅದು ಬರೆದ ಕೂದಲು. ಬೆಳಕೂ ಸಾಕ್ಷಿ ಹೇಳುತ್ತದೆ: ಕೆನ್ನೆಗೆ ಎಡದಿಂದ ಬೆಳಕು ಬಿದ್ದು ಕೂದಲ ಹೊಳಪು ಬಲಕ್ಕಿದ್ದರೆ, ಹಣೆಗಿಳಿದ ಮುಂಗುರುಳಿಗೆ ನೆರಳೇ ಇಲ್ಲದಿದ್ದರೆ, ಎರಡು ಫೋಟೊಗಳು ಕೂಡಿಲ್ಲವೆಂದೇ ಅರ್ಥ.

ಚಿತ್ರ ಕೆಟ್ಟದಾಗಿದ್ದರೆ ಚಿಂತೆಯಿಲ್ಲ, ನಂಬುವವರೇ ಕಡಿಮೆ. ಚೆನ್ನಾಗಿ ಬಂದ ಚಿತ್ರದಲ್ಲೇ ನನಗೆ ಹೆಚ್ಚು ಅನುಮಾನ. ಆ್ಯಪ್ ತರುವುದು ಕಟಿಂಗನ್ನಷ್ಟೇ ಅಲ್ಲ, ಆ ವ್ಯಕ್ತಿಯ ಕೂದಲಿನ ದಪ್ಪ, ದಟ್ಟಣೆ, ಸುರುಳಿಯನ್ನೂ ಜೊತೆಗೇ ತರುತ್ತದೆ. ತೆಳುಗೂದಲಿನ ಹುಡುಗಿ ದಟ್ಟಗೂದಲಿನವರ ಬಾಬ್ ಕಟ್ ಹಾಕಿ ನೋಡಿದರೆ, ಕಾಣುವುದು ಅವಳ ತಲೆಯಲ್ಲಿ ಎಂದೂ ನಿಲ್ಲದ ಉಬ್ಬು.

ಆದ್ದರಿಂದ ಫೋಟೊ ಆರಿಸುವಾಗಲೇ ಜಾಗ್ರತೆ ಬೇಕು. ನಿಮ್ಮದು ಕೂದಲು ಹಿಂದೆ ಕಟ್ಟಿ, ಕಿವಿ, ಹಣೆ ಪೂರ್ತಿ ಕಾಣುವಂತೆ, ಕಿಟಕಿಗೆ ಮುಖ ಮಾಡಿ ತೆಗೆದದ್ದಿರಲಿ. ಇನ್ನೊಂದು ಫೋಟೊ ಅದೇ ಕಡೆಯಿಂದ, ಅಂಥದೇ ಬೆಳಕಿನಲ್ಲಿ ತೆಗೆದದ್ದಾಗಿ, ನಿಮ್ಮಂಥದೇ ಕೂದಲಿನವರದಾಗಿರಲಿ. ಸಲೂನಿಗೆ ಹೋದಾಗ ಬಂದ ಚಿತ್ರದ ಜೊತೆಗೆ ಕೂದಲು ಹಿಂದೆ ಕಟ್ಟಿದ ಫೋಟೊವನ್ನೂ ತೋರಿಸಿ. ಗುಂಗುರು ಕೂದಲಾದರೆ ಇನ್ನೊಂದು ಮಾತು: ಒದ್ದೆಯಿದ್ದಾಗ ಭುಜ ಮುಟ್ಟುವ ಎಳೆ ಒಣಗಿದ ಮೇಲೆ ಸುರುಳಿಗೊಂಡು ಮೇಲೇರುತ್ತದೆ. ಚಿತ್ರದಲ್ಲಿ ಕಾಣುವ ಉದ್ದ ಒಣಗಿದ ಕೂದಲಿನದು. ಕತ್ತರಿ ಆಡುವುದು ಹೆಚ್ಚಾಗಿ ಒದ್ದೆ ಕೂದಲ ಮೇಲೆ. ಎಷ್ಟು ಬಿಡಬೇಕೆಂದು ಕತ್ತರಿಸುವ ಮೊದಲೇ ಕೇಳಿ.